ಕೊನೆಯ ಪಲ್ಲವಿ ದೊಡ್ಡದಾಗುವುದು ಕೊನೆಯಲ್ಲಲ್ಲ

(1/7)
ಫೆಸ್ಟ್ ಸೀಸನ್ ಶುರು ಆಯ್ತು. ಇನ್ನು ಎರಡು ತಿಂಗಳು ಎಲ್ಲ ಕಾಲೇಜಿನ ಗ್ರೂಪ್ ಸಾಂಗ್ ಒಂದೇ ತರ ಇರ್ತದೆ, ಬೇಕಾದ್ರೆ ಬರೆದಿಟ್ಟುಕೊಳ್ಳಿ. ಮೊದಲ ಪಲ್ಲವಿಯಿಂದಲೇ ಆರೂ ಜನ ಗಂಟಲು ಹರಿಯುವ ಹಾಗೆ ಹಾಡ್ತಾರೆ. ಕೀಬೋರ್ಡಿನವ ಎರಡೂ ಕೈ ಒತ್ತಿ ಹಿಡಿದಿರ್ತಾನೆ. ಮೂರೂವರೆ ನಿಮಿಷಕ್ಕೆ ಒಬ್ಬರು ಕಣ್ಣು ಸನ್ನೆ ಮಾಡ್ತಾರೆ, ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಬಟನ್ ಎರಡು ಸಲ ಒತ್ತಿ ಆಗ್ತದೆ, ಶ್ರುತಿ ಟಕ್ ಅಂತ ಮೇಲೆ ಹಾರ್ತದೆ. ಹಿಂದಿನ ಸಾಲಿನ ಫ್ರೆಂಡ್ಸ್ ಶಿಳ್ಳೆ ಹೊಡೀತಾರೆ. ಉಳಿದವರೆಲ್ಲ ಫೋನ್ ನೋಡ್ತಾ ಇರ್ತಾರೆ.

ಯಾಕೆ? ಅವರಿಗೆ ಹೊಸತು ಎಂತದೂ ಕೇಳಿಸಲಿಲ್ಲ. ಮೊದಲೇ ಕಿರುಚುತ್ತಿದ್ದ ಹಾಡು ಈಗ ಸ್ವಲ್ಪ ಎತ್ತರದಲ್ಲಿ ಕಿರುಚಿತು, ಅಷ್ಟೇ.

ನನ್ನ ವಾದ ಸಿಂಪಲ್. ಕೊನೆಯ ಪಲ್ಲವಿ ದೊಡ್ಡದು ಅಂತ ಅನ್ನಿಸುವುದು ನೀವು ಅಲ್ಲಿ ಎಷ್ಟು ಸೇರಿಸಿದ್ದೀರಿ ಅನ್ನುವುದರಿಂದ ಅಲ್ಲ, ಅದಕ್ಕೆ ಮೊದಲು ಎಷ್ಟು ತಡೆದಿಟ್ಟಿದ್ದೀರಿ ಅನ್ನುವುದರಿಂದ. ಕಾಮರ್ಸ್‌ನವರಿಗೆ ನಮ್ಮ ಭಾಷೆಯಲ್ಲೇ ಹೇಳ್ತೇನೆ. ಏಪ್ರಿಲ್‌ನಲ್ಲೇ ಇಡೀ ವರ್ಷದ ಬಜೆಟ್ ಖರ್ಚು ಮಾಡಿ ಮುಗಿಸಿದವ ಮಾರ್ಚ್‌ನಲ್ಲಿ ಎಂತ ಮಾಡ್ತಾನೆ? ಸಾಲ. ನಿಮ್ಮ ಟ್ರಾನ್ಸ್‌ಪೋಸ್ ಬಟನ್ ಆ ಸಾಲ.

ಒಂದು ಕ್ಯಾಪ್ಶನ್‌ನಲ್ಲಿ ಮುಗಿಯುವ ವಿಷಯ ಅಲ್ಲ, ಏಳು ಪೋಸ್ಟ್ ಉಂಟು. ಜಗಳಕ್ಕೆ ಬರುವವರು ಏಳೂ ಓದಿ ಬನ್ನಿ.

(2/7)
ಮೊದಲು ಸೌಂಡಿನ ಲೆಕ್ಕ. "ಕೊನೆಗೆ ಎಲ್ರೂ ಜೋರಾಗಿ ಹಾಡಿ, ಆಗ ದೊಡ್ಡದಾಗ್ತದೆ" ಅನ್ನುವವರಿಗೆ ಈ ಪೋಸ್ಟ್.

ಒಬ್ಬಳು ಹಾಡುತ್ತಿದ್ದ ಕಡೆ ಅಷ್ಟೇ ಜೋರಿನ ಇನ್ನೊಬ್ಬಳು ಸೇರಿದರೆ ಸೌಂಡ್ ಏರುವುದು ಸುಮಾರು 3 ಡೆಸಿಬೆಲ್. ನಾಲ್ಕು ಜನ ಆದರೆ 6. ಆದರೆ ನಮ್ಮ ಕಿವಿಗೆ "ಹೌದು, ಇದು ಮೊದಲಿನ ಎರಡು ಪಟ್ಟು ಜೋರು" ಅಂತ ಅನ್ನಿಸಬೇಕಾದರೆ ಹೆಚ್ಚುಕಡಿಮೆ 10 ಡೆಸಿಬೆಲ್ ಏರಬೇಕು. ಅಂದ್ರೆ ಒಬ್ಬಳ ಜಾಗಕ್ಕೆ ಹತ್ತು ಜನ ಬೇಕು. ನಿಮ್ಮ ಟೀಮಿನಲ್ಲಿ ಇರುವುದೇ ಆರು ಜನ. ಎರಡನೇ ಪಲ್ಲವಿಯಲ್ಲೇ ಐದು ಜನ ಹಾಡಿಬಿಟ್ಟರೆ ಕೊನೆಗೆ ಸೇರುವ ಆರನೆಯವಳಿಂದ ಒಂದು ಡೆಸಿಬೆಲ್ ಕೂಡ ಪೂರ್ತಿ ಬರುವುದಿಲ್ಲ. ಯಾರಿಗೂ ಗೊತ್ತೇ ಆಗುವುದಿಲ್ಲ.

ಅದೇ ಮೊದಲ ಪಲ್ಲವಿಯಲ್ಲಿ ಒಬ್ಬಳೇ ಹಾಡಿ, ಕೊನೆಯದರಲ್ಲಿ ಆರೂ ಜನ ಬಂದರೆ ಸುಮಾರು 8 ಡೆಸಿಬೆಲ್ ಸಿಗ್ತದೆ. ಯಾರೂ ಕಿರುಚಬೇಕಂತಿಲ್ಲ. ಜನ ಅದೇ, ಮೈಕ್ ಅದೇ, ಬದಲಾದದ್ದು ಯಾವಾಗ ಬಾಯಿ ಬಿಡಬೇಕು ಅನ್ನುವುದು ಮಾತ್ರ.

ರೂಮಲ್ಲಿ ರೆಕಾರ್ಡ್ ಮಾಡುವವರಿಗೆ ಇದು ಇನ್ನೂ ಕಷ್ಟ. ಡಿಜಿಟಲ್‌ನಲ್ಲಿ ಮೇಲೆ ಒಂದು ಸೀಲಿಂಗ್ ಉಂಟು, ಅದಕ್ಕಿಂತ ಮೇಲೆ ಹೋಗಲಿಕ್ಕೇ ಆಗುವುದಿಲ್ಲ. ಮೊದಲ ಪಲ್ಲವಿಯನ್ನೇ ಆ ಸೀಲಿಂಗಿಗೆ ತಾಗಿಸಿ ಇಟ್ಟರೆ, ಕೊನೆಯದರಲ್ಲಿ ನೀವು ಹಾಕಿದ ಹೊಸ ಟ್ರ್ಯಾಕ್‌ಗಳಿಗೆ ಜಾಗವೇ ಇಲ್ಲ. ಲಿಮಿಟರ್ ಎಲ್ಲವನ್ನೂ ಒತ್ತಿ ಚಪ್ಪಟೆ ಮಾಡ್ತದೆ. ಇಪ್ಪತ್ತು ಟ್ರ್ಯಾಕ್ ಹಾಕಿದ ಕೊನೆಯ ಪಲ್ಲವಿ ಎಂಟು ಟ್ರ್ಯಾಕಿನ ಮೊದಲ ಪಲ್ಲವಿಗಿಂತ ಸಣ್ಣದಾಗಿ ಕೇಳ್ತದೆ, ಮಾರ್ರೆ. ಇದು ತಮಾಷೆ ಅಲ್ಲ, ನೀವೇ ಮಾಡಿ ನೋಡಿ. ಮೊದಲ ಪಲ್ಲವಿಯನ್ನು ಎರಡು ಮೂರು ಡೆಸಿಬೆಲ್ ಇಳಿಸಿ ನೋಡಿ, ಕೊನೆಯದನ್ನು ಮುಟ್ಟದೆಯೇ ಅದು ಎದ್ದು ನಿಲ್ತದೆ.

(3/7)
"ಇದೆಲ್ಲ ಫಾರಿನ್ ಥಿಯರಿ" ಅಂತ ಕಮೆಂಟ್ ಬರುವ ಮೊದಲೇ ಹೇಳ್ತೇನೆ. ಇದು ನಮ್ಮ ಊರಿನದ್ದೇ ವಿದ್ಯೆ.

ಯಕ್ಷಗಾನದ ಹಿಮ್ಮೇಳ ನೋಡಿ. ಭಾಗವತರು, ಮದ್ದಳೆ, ಚೆಂಡೆ, ಹಿಂದೆ ಶ್ರುತಿ, ಚಕ್ರತಾಳ. ಒಟ್ಟು ಎಷ್ಟು ಜನ? ಕೈಬೆರಳಲ್ಲಿ ಎಣಿಸಬಹುದು. ಇಷ್ಟೇ ಜನ ಇಡೀ ಗದ್ದೆಯನ್ನು ಎಬ್ಬಿಸಿ ಕೂರಿಸ್ತಾರೆ. ಹೇಗೆ? ಚೆಂಡೆಯವರು ಸುಮ್ಮನೆ ಇರುವುದರಿಂದ.

ಶೃಂಗಾರದ ಪದ, ದುಃಖದ ಪದ ಬರುವಾಗ ಹೆಚ್ಚಾಗಿ ಮದ್ದಳೆ ಮಾತ್ರ. ಚೆಂಡೆ ಅಲ್ಲೇ ಉಂಟು, ಕೋಲು ಕೈಯಲ್ಲೇ ಉಂಟು, ಆದರೆ ಪೆಟ್ಟು ಬೀಳುವುದಿಲ್ಲ. ಸಭೆಯಲ್ಲಿ ಕೂತವರಿಗೆ ಆ ಚೆಂಡೆ ಕಾಣ್ತಾ ಇರ್ತದೆ, ಕೇಳುವುದಿಲ್ಲ. ಆಮೇಲೆ ವೇಷಕ್ಕೆ ಸಿಟ್ಟು ಬರ್ತದೆ, ಭಾಗವತರು ಏರುಪದ ಎತ್ತಿಕೊಳ್ತಾರೆ, ಚೆಂಡೆ ಬೀಳ್ತದೆ. ತೂಕಡಿಸುತ್ತಿದ್ದ ಮಕ್ಕಳು ಕೂಡ ಎದ್ದು ಕೂರ್ತಾರೆ. ಇಡೀ ರಾತ್ರಿ ಚೆಂಡೆ ಬಾರಿಸ್ತಾ ಇದ್ದಿದ್ದರೆ ಆ ಪೆಟ್ಟಿಗೆ ಮರ್ಯಾದೆ ಇರ್ತಿತ್ತಾ?

ಇಲ್ಲಿ ಇನ್ನೊಂದು ಸೂಕ್ಷ್ಮ ಉಂಟು. ಚೆಂಡೆ ಬಂದಾಗ ಅದು ಮದ್ದಳೆಯ ಸ್ವರದ ಮೇಲೆಯೇ ಕೂರುವುದಿಲ್ಲ. ಮದ್ದಳೆಯದ್ದು ದುಂಡಗಿನ ನಾದ, ಚೆಂಡೆಯದ್ದು ಚೂಪು. ಖಾಲಿ ಇದ್ದ ಜಾಗಕ್ಕೆ ಹೊಸ ಬಣ್ಣ ಬಂತು. ಪದರ ಸೇರಿಸುವುದು ಅಂದ್ರೆ ಇದು. ಇರುವುದನ್ನೇ ಇನ್ನೊಂದು ಸಲ ಇಡುವುದಲ್ಲ. ಒಂದೇ ಎತ್ತರದಲ್ಲಿ ಗಿಟಾರ್, ಕೀಬೋರ್ಡ್, ನಾಲ್ಕು ಗಂಟಲು ಎಲ್ಲ ಸೇರಿದರೆ ಅದು ದೊಡ್ಡದಾಗುವುದಿಲ್ಲ, ದಪ್ಪ ಆಗ್ತದೆ. ಸಾಂಬಾರಿಗೆ ನಾಲ್ಕು ಸಲ ಉಪ್ಪು ಹಾಕಿದ ಹಾಗೆ.

ಹಾಗಾಗಿ ನಿಮ್ಮ ಹಾಡಿನಲ್ಲಿ ಚೆಂಡೆ ಯಾವುದು ಅಂತ ಮೊದಲು ಗೊತ್ತು ಮಾಡಿ. ಅದು ಕೊಳಲಾಗಿರಬಹುದು, ಚಪ್ಪಾಳೆ ಆಗಿರಬಹುದು, ಒಬ್ಬಳ ಮೇಲಿನ ಸ್ವರ ಆಗಿರಬಹುದು. ಅದನ್ನು ಕೊನೆಯವರೆಗೆ ಹೊರಗೆ ತೆಗೆಯಬೇಡಿ. ಇಷ್ಟೇ ರೂಲ್.

(4/7)
ಈಗ ನಿಜವಾದ ಕೆಲಸ. ಒಂದು ಹಾಡು ಇಟ್ಟುಕೊಳ್ಳುವ. ನಾಲ್ಕು ನಿಮಿಷ, ಶ್ರುತಿ ಸಿ ಅಂದ್ರೆ ಬಿಳಿ ಒಂದು, ಪಲ್ಲವಿ ಮೂರು ಸಲ, ಚರಣ ಎರಡು. ಆರು ಜನ ಹಾಡುವವರು, ಜೊತೆಗೆ ಗಿಟಾರ್, ಕೀಬೋರ್ಡ್, ತಬಲ. ಹೆಚ್ಚಿನ ಕಾಲೇಜ್ ಟೀಮ್ ಇಷ್ಟೇ ಇರ್ತದೆ.

ಮೊದಲ ಪಲ್ಲವಿ: ಲೀಡ್ ಹುಡುಗಿ ಒಬ್ಬಳೇ. ಗಿಟಾರ್ ಒಂದೊಂದೇ ತಂತಿ ಮೀಟಬೇಕು, ಸ್ಟ್ರಮ್ ಬೇಡ. ಕೀಬೋರ್ಡಿನವ ಕೈ ಕಟ್ಟಿ ನಿಲ್ಲಬೇಕು. ಅವನಿಗೆ ಕಷ್ಟ ಆಗ್ತದೆ, ಆಗಲಿ.

ಮೊದಲ ಚರಣಕ್ಕೆ ತಬಲ ಬರ್ತದೆ, ಸರಳ ಠೇಕಾ. ಕೀಬೋರ್ಡ್ ಕೆಳಗಿನ ಸ್ವರಗಳನ್ನು ಮೆತ್ತಗೆ ಹಿಡಿದರೆ ಸಾಕು. ಎರಡನೇ ಪಲ್ಲವಿಯ ಮೊದಲ ಅರ್ಧ ಮತ್ತೆ ಲೀಡ್ ಒಬ್ಬಳೇ, ದ್ವಿತೀಯಾರ್ಧಕ್ಕೆ ಇಬ್ಬರು ಅದೇ ಸ್ವರದಲ್ಲಿ ಸೇರಬೇಕು. ಗಿಟಾರ್ ಈಗ ಸ್ಟ್ರಮ್ ಮಾಡಬಹುದು. ಎರಡನೇ ಚರಣಕ್ಕೆ ಕೀಬೋರ್ಡ್ ಪುನಃ ತೆಗೆಯಿರಿ. ಹೌದು, ತೆಗೆಯಿರಿ. ಒಂದು ಮೆಟ್ಟಿಲು ಇಳಿದರೆ ಮಾತ್ರ ಹತ್ತಿದ್ದು ಗೊತ್ತಾಗ್ತದೆ.

ಕೊನೆಯ ಪಲ್ಲವಿಗೆ ಮೊದಲು ಒಂದು ಖಾಲಿ ಜಾಗ. ತಬಲ ನಿಲ್ಲಬೇಕು, ಎಲ್ಲರೂ ನಿಲ್ಲಬೇಕು, ಲೀಡ್ ಮತ್ತು ಗಿಟಾರ್ ಮಾತ್ರ ಪಲ್ಲವಿಯ ಮೊದಲ ಸಾಲನ್ನು ನಿಧಾನ ದನಿಯಲ್ಲಿ. ನಾಲ್ಕು ಬಾರ್ ಸಾಕು.

ಆಮೇಲೆ ಕೊನೆಯ ಪಲ್ಲವಿ, ಎಲ್ಲ ಬಾಗಿಲು ತೆರೆಯಿರಿ. ಲೀಡ್ ಮೂಲ ರಾಗದಲ್ಲಿ. ಇಬ್ಬರು ಹುಡುಗರು ಅದನ್ನೇ ಒಂದು ಆಕ್ಟೇವ್ ಕೆಳಗೆ. ಇಬ್ಬರು ಮೂರನೇ ಸ್ವರ ಮೇಲೆ, ಅಂದ್ರೆ ಲೀಡ್ 'ಸ' ಹಿಡಿದರೆ ಇವರು 'ಗ'. ಆರನೆಯವಳು ಸಾಹಿತ್ಯ ಹಾಡುವುದೇ ಬೇಡ. ಸಾಲು ಮುಗಿದು ಉಸಿರು ತಗೊಳ್ಳುವ ಜಾಗದಲ್ಲಿ ಉದ್ದ 'ಆ' ಕಾರ ಹಿಡಿಯಬೇಕು. ಚರ್ಚ್ ಕ್ವಾಯರಿನಲ್ಲಿ ಹಾಡಿದವರಿಗೆ ಇದು ಗೊತ್ತು, ಕೊನೆಯ ಚರಣದಲ್ಲಿ ಸೊಪ್ರಾನೋದವರು ಮೇಲೆ ಬೇರೆ ಸಾಲು ಹಾಡುವ ಪದ್ಧತಿ ಉಂಟಲ್ಲ, ಅದೇ. ಕೀಬೋರ್ಡಿನ ಬಲಗೈ ಒಂದು ಆಕ್ಟೇವ್ ಮೇಲೆ. ತಬಲಕ್ಕೆ ಲಗ್ಗಿ.

ಎಚ್ಚರ ಎರಡು. ಮೇಲಿನ ಸ್ವರದವರು ಲೀಡ್‌ಗಿಂತ ಮೆತ್ತಗೆ ಹಾಡಬೇಕು, ಇಲ್ಲದಿದ್ದರೆ ಮೂಲ ರಾಗ ಯಾವುದು ಅಂತಲೇ ಗೊತ್ತಾಗುವುದಿಲ್ಲ. ಮತ್ತೆ, ಮೂರನೇ ಸ್ವರ ಎಲ್ಲ ಕಡೆ ಕೂರುವುದಿಲ್ಲ. ಎಲ್ಲಿ ಕರ್ಕಶ ಅನ್ನಿಸ್ತದೋ ಅಲ್ಲಿ ಗಿಟಾರಿನವ ಬಾರಿಸುವ ಕಾರ್ಡ್ ನೋಡಿ, ಅದರೊಳಗಿನ ಹತ್ತಿರದ ಸ್ವರಕ್ಕೆ ಸರಿಯಿರಿ.

(5/7)
ಇನ್ನು ಶ್ರುತಿ ಏರಿಸುವ ವಿಷಯ. ಅದೇ ಹಾಡು ಸಿ ಇಂದ ಡಿ ಗೆ, ಬಿಳಿ ಒಂದರಿಂದ ಬಿಳಿ ಎರಡಕ್ಕೆ.

ನೀವು ಮಾಡುವುದು: ಸಿ ಯಲ್ಲಿ ಸಾಲು ಮುಗೀತು, ಬಟನ್ ಒತ್ತಿ, ಡಿ ಯಲ್ಲಿ ಶುರು. ಕೇಳುವವರಿಗೆ ಅದು ಏರಿದ ಹಾಗೆ ಅಲ್ಲ, ಜಾರಿದ ಹಾಗೆ. ಹಾಡುವ ಆರು ಜನರಲ್ಲಿ ಇಬ್ಬರು ಹಳೆಯ ಶ್ರುತಿಯಲ್ಲೇ ಉಳೀತಾರೆ. ಎರಡು ಸೆಕೆಂಡ್ ಗಲಾಟೆ, ಜಡ್ಜ್ ಪೆನ್ನು ಎತ್ತಿ ಆಯ್ತು.

ಮಾಡಬೇಕಾದದ್ದು: ಹೊಸ ಶ್ರುತಿಗೆ ಕಿವಿಯನ್ನು ಮೊದಲೇ ತಿರುಗಿಸಬೇಕು. ಡಿ ಗೆ ಹೋಗುವ ದಾರಿ ಎ7 ಕಾರ್ಡ್. ಖಾಲಿ ಜಾಗದ ಕೊನೆಯ ಎರಡು ಬಾರ್ ಗಿಟಾರ್ ಎ7 ಹಿಡಿಯಲಿ. ಆ ಕಾರ್ಡಿನೊಳಗೆ ಜಿ ಸ್ವರ ಉಂಟು, ಹಳೆಯ ಶ್ರುತಿಯ ಪಂಚಮ, ಎಲ್ಲರಿಗೂ ಪರಿಚಯ ಇರುವ ಸ್ವರ. ನಿಮ್ಮ ಪಲ್ಲವಿ 'ಗ' ದಿಂದ ಶುರು ಆಗುವುದಾದರೆ ಹೊಸ ಶ್ರುತಿಯಲ್ಲಿ ಅದು ಎಫ್ ಶಾರ್ಪ್, ಆ ಜಿ ಯಿಂದ ಅರ್ಧ ಸ್ವರ ಮಾತ್ರ ಕೆಳಗೆ. ಲೀಡ್ ಮನಸ್ಸಲ್ಲೇ ಜಿ ಹಿಡಿದು ಒಂದು ಕೂದಲೆಳೆ ಇಳಿದರೆ ಸಾಕು, ಸರಿಯಾದ ಜಾಗಕ್ಕೆ ಬಿದ್ದಳು. ಬಟನ್ ಇದನ್ನು ನಿಮಗೆ ಹೇಳಿಕೊಡುವುದಿಲ್ಲ.

ಈಗ ನನಗೆ ನಿಜವಾಗಿ ಸಿಟ್ಟು ಬರುವ ವಿಷಯ. ಕಳೆದ ವರ್ಷ ಒಂದು ಕಾಲೇಜಿನ ಟೀಮಿನಲ್ಲಿ ತಬಲ ಬಾರಿಸುವ ಜೂನಿಯರ್ ಹುಡುಗನಿಗೆ ಹೇಳಿದ್ದು ಎಂತ ಗೊತ್ತುಂಟಾ? "ಕೊನೆಯ ಪಲ್ಲವಿಯಲ್ಲಿ ನೀನು ನಿಲ್ಲಿಸು, ಶ್ರುತಿ ಬದಲಾಗ್ತದೆ, ನಿನ್ನ ತಬಲ ಅಪಸ್ವರ ಆಗ್ತದೆ." ಹಾಡು ಅತಿ ದೊಡ್ಡದಾಗಬೇಕಾದ ಕಡೆ ಒಬ್ಬನನ್ನು ಕಡಿಮೆ ಮಾಡಿದ್ರು. ಹುಡುಗ ತಲೆ ತಗ್ಗಿಸಿ ಕೂತಿದ್ದ. ತೊಂದರೆ ನಿಜ, ಸಿ ಗೆ ಸೇರಿಸಿದ ತಬಲ ಡಿ ಶ್ರುತಿಯಲ್ಲಿ ಕೋಮಲ ನಿಷಾದ ಆಗ್ತದೆ, ಕಚ್ಚುತ್ತದೆ. ಆದರೆ ಪರಿಹಾರ ಅವನನ್ನು ಕೂರಿಸುವುದಲ್ಲ.

ಜಿ ಗೆ ಬರುವ ತಬಲ ತಂದು ಮೊದಲಿಂದಲೇ ಜಿ ಗೆ ಸೇರಿಸಿ. ಸಿ ಶ್ರುತಿಯಲ್ಲಿ ಜಿ ಪಂಚಮ, ಡಿ ಶ್ರುತಿಯಲ್ಲಿ ಅದೇ ಜಿ ಶುದ್ಧ ಮಧ್ಯಮ. ತಬಲವನ್ನು ಪಂಚಮಕ್ಕೂ ಮಧ್ಯಮಕ್ಕೂ ಸೇರಿಸುವುದು ಹೊಸ ವಿಷಯವೇ ಅಲ್ಲ. ಸುತ್ತಿಗೆ ಮುಟ್ಟದೆ ಎರಡೂ ಶ್ರುತಿಗೆ ಒಂದೇ ತಬಲ ಕೂರ್ತದೆ. ಎರಡು ಮನೆ ಏರಿಸುವ ಯಾವ ಹಾಡಿಗೂ ಈ ಲೆಕ್ಕ ಸರಿ, ಹಳೆಯ ಶ್ರುತಿಯ ಪಂಚಮ ಹೊಸತರ ಮಧ್ಯಮ. ಒಂದೇ ಮನೆ ಏರಿಸಿದರೆ ಈ ಲೆಕ್ಕ ಆಗುವುದಿಲ್ಲ, ಆಗ ಎರಡು ತಬಲ ಬೇಕು. ಕೊಳಲಿನವರು ಕೂಡ ಬೇರೆ ಶ್ರುತಿಯ ಕೊಳಲು ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಗಿಟಾರಿಗೆ ಕ್ಯಾಪೋ ಹಾಕಲಿಕ್ಕೆ ಟೈಮ್ ಸಿಗುವುದಿಲ್ಲ, ಬಾರ್ ಕಾರ್ಡ್ ಅಭ್ಯಾಸ ಮಾಡಿ.

(6/7)
"ಶ್ರುತಿ ಏರಿಸುವುದೇ ಚೀಪ್ ಟ್ರಿಕ್, ಹಳೆ ಕಾಲದ್ದು" ಅಂತ ಇನ್ನೊಂದು ಪಾರ್ಟಿ ಉಂಟು. ಅವರ ಜೊತೆಗೂ ನನ್ನ ಜಗಳ.

ಮೈಕೆಲ್ ಜಾಕ್ಸನ್‌ನ 'ಮ್ಯಾನ್ ಇನ್ ದ ಮಿರರ್' ಕೇಳಿ, 1987ರ 'ಬ್ಯಾಡ್' ಆಲ್ಬಮ್‌ನದ್ದು. ಶುರುವಾಗುವುದು ಬೆರಳು ಚಿಟಿಕೆಯಲ್ಲಿ. ಜಿ ಶ್ರುತಿ. ಮೂರನೇ ನಿಮಿಷದ ಹತ್ತಿರ ಅರ್ಧ ಸ್ವರ ಏರ್ತದೆ, ಬರೀ ಅರ್ಧ, ಜೊತೆಗೆ ಗಾಸ್ಪೆಲ್ ಕ್ವಾಯರ್ ಬರ್ತದೆ. ಅಷ್ಟು ಹೊತ್ತು ಆ ಕ್ವಾಯರನ್ನು ಅಡಗಿಸಿ ಇಟ್ಟದ್ದೇ ಕೆಲಸ. ವಿಟ್ನಿ ಹ್ಯೂಸ್ಟನ್‌ಳ 'ಐ ವಿಲ್ ಆಲ್ವೇಸ್ ಲವ್ ಯೂ', 1992. ಮೊದಲಿಗೆ ಹಿನ್ನೆಲೆಯೇ ಇಲ್ಲ, ಬರೀ ಗಂಟಲು. ಕೊನೆಗೆ ಒಂದು ಮೌನ, ಡ್ರಮ್‌ನ ಒಂದು ಪೆಟ್ಟು, ಶ್ರುತಿ ಎ ಯಿಂದ ಬಿ ಗೆ. ಆ ಮೌನ ತೆಗೆದುಹಾಕಿ, ಮೊದಲ ಸಾಲಿನಿಂದಲೇ ಡ್ರಮ್ ಹಾಕಿ. ಅದೇ ಎರಡು ಮನೆ ಏರಿದರೂ ರೋಮ ಏಳುವುದಿಲ್ಲ.

ಹಾಗಾದರೆ ಟ್ರಿಕ್ ಕೆಟ್ಟದ್ದಲ್ಲ. ತಯಾರಿ ಇಲ್ಲದ ಟ್ರಿಕ್ ಕೆಟ್ಟದ್ದು. ಶ್ರುತಿ ಬದಲು ಅಂದ್ರೆ ಐಸ್‌ಕ್ರೀಮಿನ ಮೇಲಿನ ಚೆರ್ರಿ, ನೀವು ಕಪ್ ತುಂಬಾ ಚೆರ್ರಿ ಕೊಡ್ತಾ ಇದ್ದೀರಿ.

ಇದಕ್ಕೆ ಮಿತಿ ಕೂಡ ಉಂಟು. ಅತಿ ದೊಡ್ಡ ಮಿತಿ ಲೀಡ್‌ನ ಗಂಟಲು. ಮೊದಲ ಪಲ್ಲವಿಯ ಮೇಲಿನ ಸ್ವರವೇ ಅವಳ ಕೊನೆಯ ಸ್ವರ ಆಗಿದ್ದರೆ, ಎರಡು ಮನೆ ಏರಿಸಿದಾಗ ಅವಳಿಗೆ ಕಿರುಚುವುದು ಬಿಟ್ಟು ಬೇರೆ ದಾರಿ ಇಲ್ಲ. ಫೈನಲ್ ದಿನ ಮೂರು ಸಲ ರಿಹರ್ಸಲ್ ಆದಮೇಲೆ ಅದೂ ಇಲ್ಲ. ಹಾಗಾಗಿ ಕೊನೆಯ ಶ್ರುತಿಯನ್ನು ಮೊದಲು ಗೊತ್ತು ಮಾಡಿ, ಆಮೇಲೆ ಹಿಂದಕ್ಕೆ ಎಣಿಸಿ. ಹೊಸ ಶ್ರುತಿಯಲ್ಲಿ ಪಲ್ಲವಿಯನ್ನು ನಾಲ್ಕು ಸಲ ಮೆತ್ತಗೆ ಹಾಡಿಸಿ. ಮೆತ್ತಗೆ ಹಾಡಲಿಕ್ಕೆ ಆದರೆ ಅದು ಅವಳ ಸ್ವರ. ಜೋರಾಗಿ ಮಾತ್ರ ಬರ್ತದೆ ಅಂತಾದರೆ ಅದು ಅವಳದ್ದಲ್ಲ. ಡಿ ಆಗುವುದಿಲ್ಲ, ಸಿ ಆಗ್ತದೆ ಅಂತಾದರೆ ಹಾಡನ್ನು ಕಪ್ಪು ಐದರಲ್ಲಿ ಶುರು ಮಾಡಿ, ಸಿ ಗೆ ಮುಗಿಸಿ. ಏರಿದ್ದು ಎರಡೇ ಮನೆ, ಕೇಳುವವರಿಗೆ ಸಿಗುವ ಖುಷಿ ಅದೇ.

ಕೆಲವು ಹಾಡಿಗೆ ಏರಿಸುವುದೇ ತಪ್ಪು. ಲಾಲಿ ಹಾಡಿಗೆ, ಸಾವಿನ ಹಾಡಿಗೆ, ರಾಗವನ್ನೇ ನಂಬಿದ ಭಾವಗೀತೆಗೆ ಷಡ್ಜ ಕದಲಿಸಿದರೆ ಕೂತ ನೆಲವನ್ನೇ ಎಳೆದ ಹಾಗೆ. ಅಲ್ಲಿ ಪದರ ಸಾಕು.

(7/7)
ಕೊನೆಯದಾಗಿ, ಎಲ್ಲರೂ ಹೇಳುವ ನೆಪ. "ಈಗ ಯಾರಿಗೂ ತಾಳ್ಮೆ ಇಲ್ಲ ಬ್ರೋ, ಮೊದಲ ಹತ್ತು ಸೆಕೆಂಡಲ್ಲಿ ಹಿಡೀಬೇಕು, ಇಲ್ಲಾಂದ್ರೆ ಸ್ಕ್ರಾಲ್ ಮಾಡ್ತಾರೆ."

ರೀಲ್‌ಗೆ ಇದು ನಿಜ, ಒಪ್ಪುವ. ರೀಲ್‌ನಲ್ಲಿ ನೀವು ಕೊನೆಯ ಪಲ್ಲವಿಯ ಮೂವತ್ತು ಸೆಕೆಂಡ್ ಮಾತ್ರ ಕತ್ತರಿಸಿ ಹಾಕ್ತೀರಿ. ಆದರೆ ಅದನ್ನೇ ನೋಡಿ ಕಲಿತವರು ಇಡೀ ಹಾಡನ್ನೇ ಮೂವತ್ತು ಸೆಕೆಂಡಿನ ಹಾಗೆ ಕಟ್ಟುತ್ತಿದ್ದಾರೆ, ಸಮಸ್ಯೆ ಅಲ್ಲಿ ಉಂಟು. ಹಾಲ್‌ನಲ್ಲಿ ಕೂತವರಿಗೆ ಸ್ಕ್ರಾಲ್ ಬಟನ್ ಇಲ್ಲ ಮಾರಾಯ್ರೆ. ಅವರು ನಾಲ್ಕು ನಿಮಿಷ ಅಲ್ಲೇ ಇರ್ತಾರೆ. ಹಿಡಿಯಲಿಕ್ಕೆ ಜೋರು ಬೇಕಂತಿಲ್ಲ. ಇಡೀ ದಿನ ಗಲಾಟೆ ಕೇಳಿ ಸುಸ್ತಾದ ಹಾಲ್‌ನಲ್ಲಿ ಒಂದು ಹುಡುಗಿ, ಒಂದು ಗಿಟಾರ್, ಅಷ್ಟೇ ಕೇಳಿದರೆ ಜನ ತಲೆ ಎತ್ತುತ್ತಾರೆ.

ನನ್ನ ಮಾತು ನಂಬಬೇಡಿ, ಟೆಸ್ಟ್ ಮಾಡಿ. ರಿಹರ್ಸಲ್ ಅನ್ನು ರೂಮಿನ ಹಿಂದಿನ ಗೋಡೆಯ ಹತ್ತಿರ ಫೋನ್ ಇಟ್ಟು ರೆಕಾರ್ಡ್ ಮಾಡಿ. ಆಮೇಲೆ ವಾಲ್ಯೂಮನ್ನು ಪಿಸುಮಾತಿನಷ್ಟು ಕಡಿಮೆ ಮಾಡಿ ಕೇಳಿ. ಆಗಲೂ ಕೊನೆಯ ಪಲ್ಲವಿ ದೊಡ್ಡದು ಅನ್ನಿಸಿದರೆ ನಿಮ್ಮ ಜೋಡಣೆ ಸರಿ ಉಂಟು. ವಾಲ್ಯೂಮ್ ಜಾಸ್ತಿ ಇಟ್ಟಾಗ ಮಾತ್ರ ದೊಡ್ಡದು ಅನ್ನಿಸಿದರೆ ನೀವು ಮಾಡಿದ್ದು ಬರೀ ಗಲಾಟೆ. ಇನ್ನೊಂದು, ಫೋನಿನ ಸಣ್ಣ ಸ್ಪೀಕರ್‌ನಲ್ಲಿ ಬೇಸ್ ಸರಿಯಾಗಿ ಬರುವುದೇ ಇಲ್ಲ. ಕೊನೆಯ ಪಲ್ಲವಿಗೆ ಬೇಸ್ ಒಂದನ್ನೇ ಸೇರಿಸಿ ಕೂತವರಿಗೆ ಅಲ್ಲಿ ಎಂತದೂ ಕೇಳುವುದಿಲ್ಲ. ಮೇಲಿನ ಸ್ವರ, ಚಪ್ಪಾಳೆ, 'ಆ' ಕಾರ ಕೇಳ್ತದೆ.

ಈ ಸಲ ಕೂಳೂರಿನ ಈ ಕಡೆಯ ಟೀಮ್ ಆಗಲಿ, ಸಂಕ ದಾಟಿ ಆ ಕಡೆಯ ಟೀಮ್ ಆಗಲಿ, ಸ್ಟೇಜ್ ಹತ್ತುವ ಮೊದಲು ಒಂದು ಪೇಪರ್ ತಗೊಳ್ಳಿ. ಮೂರು ಪಲ್ಲವಿಗೆ ಮೂರು ಕಾಲಮ್ ಹಾಕಿ. ಪ್ರತಿಯೊಬ್ಬರ ಹೆಸರನ್ನು ಅವರು ಮೊದಲ ಸಲ ಬರುವ ಕಾಲಮ್‌ನಲ್ಲಿ ಬರೆಯಿರಿ. ಮೊದಲ ಕಾಲಮ್‌ನಲ್ಲೇ ಎಲ್ಲ ಹೆಸರು ಇದ್ದರೆ ಹಾಡು ಅಲ್ಲಿಗೇ ಮುಗೀತು, ಉಳಿದ ಮೂರು ನಿಮಿಷ ಬರೀ ಅಸಲಿನ ಮೇಲಿನ ಬಡ್ಡಿ. ಮೂರನೇ ಕಾಲಮ್‌ನಲ್ಲಿ ಯಾರನ್ನಾದರೂ ಕೂರಿಸಿ ಹಾಕಿದ್ದರೆ, ಮೊದಲು ಹೋಗಿ ಅವನ ತಬಲವನ್ನು ಪಂಚಮಕ್ಕೆ ಸೇರಿಸಿ ಬನ್ನಿ.

ಒಪ್ಪದವರು ನಿಮ್ಮ ಟೀಮಿನ ರೆಕಾರ್ಡಿಂಗ್ ಡಿಎಂ ಮಾಡಿ, ಪಿಸುಮಾತಿನ ವಾಲ್ಯೂಮಲ್ಲಿ ಕೇಳಿಯೇ ಉತ್ತರ ಕೊಡ್ತೇನೆ.

#ಕೊನೆಯಪಲ್ಲವಿ #ಗ್ರೂಪ್‌ಸಾಂಗ್ #ಕೂಳೂರು #ಕುಡ್ಲ #ಶ್ರುತಿ #ಹಿಮ್ಮೇಳ